ಚಿತ್ರ ಕಾಣದಿದ್ದರೂ ಲೆಕ್ಕ ಬಿಡಿಸಬಹುದು

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಒಂಬತ್ತು, ಹತ್ತನೇ ತರಗತಿಯ ಪ್ರೀತಿಯ ಮಕ್ಕಳೇ, ಪಕ್ಕದಲ್ಲಿ ಕೂತು ಅವರಿಗೆ ಪುಸ್ತಕ ಓದಿ ಹೇಳುವ ಅಮ್ಮ, ಅಪ್ಪ, ಅಕ್ಕ, ಅಣ್ಣಂದಿರೇ,

ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ನಮ್ಮ ಕಡೆ ಮಳೆಯೂ ಹಿಡಿದುಕೊಳ್ಳುತ್ತದೆ. ಅಮಾಸೆಬೈಲು, ಸಿದ್ದಾಪುರ, ಜಡ್ಕಲ್, ಕೊಲ್ಲೂರಿನ ಕಡೆ ಸಂಜೆ ಕರೆಂಟು ಹೋಯಿತೆಂದರೆ ನೆಟ್ಟೂ ಅದರ ಹಿಂದೆಯೇ ಹೋಗುತ್ತದೆ. ಮಾತು ಹೇಗೋ ಕೇಳಿಸುತ್ತದೆ, ಫೋಟೋ ಮಾತ್ರ ಬರುವುದಿಲ್ಲ. ಬಂದರೂ ಪುಟದ ಮೂಲೆ ಕತ್ತರಿಸಿರುತ್ತದೆ, ಬೇಕಾದ ಅಕ್ಷರವೇ ಅಲ್ಲಿ ಕಾಣೆಯಾಗಿರುತ್ತದೆ. ಅಂಥ ಹೊತ್ತಿನಲ್ಲಿ ಫೋನ್ ಮಾಡಿ "ಸರ್, ಒಂದ್ ಲೆಕ್ಕ ಬತ್ತಿಲ್ಲ" ಎನ್ನುತ್ತೀರಿ. ಬೀಜಗಣಿತವಾದರೆ ಚಿಂತೆಯಿಲ್ಲ, ಓದಿದರೆ ಸಾಕು. ರೇಖಾಗಣಿತವಾದರೆ ಪ್ರಶ್ನೆಯ ಅರ್ಧ ಚಿತ್ರದೊಳಗಿರುತ್ತದೆ. ಆ ಅರ್ಧವನ್ನು ಮಾತಿನಲ್ಲಿ ದಾಟಿಸುವುದು ಹೇಗೆ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ಹೈಸ್ಕೂಲಿನಲ್ಲಿ ಬಹಳ ಕಾಲ ಗಣಿತ ಕಲಿಸಿದವನು ನಾನು. ಚಿತ್ರ ಕಾಣದೆ ಹೋದದ್ದಕ್ಕೇ ಲೆಕ್ಕ ನಿಂತುಹೋಗಬೇಕಾಗಿಲ್ಲ ಎಂದು ನನಗೆ ಖಚಿತವಾಗಿ ಗೊತ್ತಿದೆ.

ಒಂದು ಲೆಕ್ಕವನ್ನೇ ಹಿಡಿದು ನೋಡೋಣ. ಸಮಾಂತರ ರೇಖೆಗಳ ಪಾಠದಲ್ಲಿ ಈ ಬಗೆಯದು ಮತ್ತೆ ಮತ್ತೆ ಬರುತ್ತದೆ. ಫೋನಿನಲ್ಲಿ ಅದು ಹೀಗೆ ಕೇಳಿಸುತ್ತದೆ: "AB, CD ಸಮಾಂತರ. ABE ಕೋನ 40 ಡಿಗ್ರಿ, CDE ಕೋನ 30 ಡಿಗ್ರಿ. BED ಕೋನ ಎಷ್ಟು?"

ಕೇಳಲು ಏನೂ ಕೊರತೆಯಿಲ್ಲ. ಆದರೆ ಇಷ್ಟೇ ಮಾತಿಗೆ ನಾಲ್ಕು ಉತ್ತರಗಳಿವೆ, ನಾಲ್ಕೂ ಸರಿ. ನಂಬಿಕೆ ಬಾರದಿದ್ದರೆ ಒಂದು ಹಾಳೆ ತೆಗೆದುಕೊಳ್ಳಿ.

ಅಡ್ಡಕ್ಕೆ ಎರಡು ಗೆರೆ ಎಳೆಯಿರಿ. ಮೇಲಿನ ಗೆರೆಯ ಎಡತುದಿ A, ಬಲತುದಿ B. ಕೆಳಗಿನ ಗೆರೆಯ ಎಡತುದಿ C, ಬಲತುದಿ D. ಎರಡೂ ಗೆರೆಗಳ ನಡುವೆ ಎಡಕ್ಕೆ E ಇಟ್ಟು, ಅದನ್ನು B ಗೂ D ಗೂ ಸೇರಿಸಿ. ಈಗ E ಯಿಂದ ಬಲಕ್ಕೆ, ಆ ಎರಡು ಗೆರೆಗಳಿಗೆ ಸಮಾಂತರವಾಗಿ EF ಎಂಬ ಇನ್ನೊಂದು ಗೆರೆ ಎಳೆಯಿರಿ. ABE ಮತ್ತು BEF ಪರ್ಯಾಯ ಕೋನಗಳು, ಆದ್ದರಿಂದ BEF 40 ಡಿಗ್ರಿ. ಹಾಗೆಯೇ DEF 30 ಡಿಗ್ರಿ. EB ಗೆರೆ EF ನ ಮೇಲಿದೆ, ED ಕೆಳಗಿದೆ. ಕೂಡಿಸಿದರೆ BED 70 ಡಿಗ್ರಿ.

ಈಗ E ಯನ್ನು ಅಲ್ಲಿಂದ ಎತ್ತಿ AB ಗೆರೆಯ ಮೇಲ್ಭಾಗಕ್ಕೆ, ಹೊರಗೆ ಇಡಿ. ಪ್ರಶ್ನೆಯ ಒಂದಕ್ಷರವೂ ಬದಲಾಗಲಿಲ್ಲ. ಆದರೆ ಈಗ EB, ED ಎರಡೂ EF ನ ಕೆಳಗೇ ಬಂದವು. 40ರಲ್ಲಿ 30 ಕಳೆಯಬೇಕು, ಉತ್ತರ 10 ಡಿಗ್ರಿ.

ಮತ್ತೆ E ಯನ್ನು ನಡುವೆ ತನ್ನಿ, ಆದರೆ ಕೆಳಗಿನ ಗೆರೆಯಲ್ಲಿ ಹೆಸರು ಅದಲುಬದಲು ಮಾಡಿ: D ಎಡಕ್ಕೆ, C ಬಲಕ್ಕೆ. CD ಎಂದರೂ DC ಎಂದರೂ ಗೆರೆ ಅದೇ, ಸಮಾಂತರವೂ ಹೌದು. ಆದರೆ CDE ಕೋನ ಈಗ ಬಲಕ್ಕೆ ತೆರೆದುಕೊಂಡಿದೆ. E ಯಿಂದ ನೋಡಿದರೆ B ಬಲಕ್ಕೆ ಮೇಲಿದೆ, D ಎಡಕ್ಕೆ ಕೆಳಗಿದೆ. BEF 40 ಡಿಗ್ರಿಯೇ, ಆದರೆ DEF 150 ಡಿಗ್ರಿ. ಎರಡೂ ಸೇರಿ 190. BED ಎಂದರೆ ಇದರ ಇನ್ನೊಂದು ಮಗ್ಗುಲು: 360ರಲ್ಲಿ 190 ಹೋದರೆ 170 ಡಿಗ್ರಿ. B, E, D ಹತ್ತಿರ ಹತ್ತಿರ ಒಂದೇ ಗೆರೆಯಲ್ಲಿ ನಿಂತಂತೆ ಕಾಣುತ್ತವೆ. ಹೆಸರುಗಳನ್ನು ಹೀಗೇ ಬಿಟ್ಟು E ಯನ್ನು ಪುನಃ ಹೊರಗೆ ಒಯ್ದರೆ 150ರಲ್ಲಿ 40 ಕಳೆದು 110 ಡಿಗ್ರಿ.

70, 10, 170, 110. ಪುಸ್ತಕದ ಹಿಂದಿನ ಉತ್ತರ 70 ಎಂದಿದ್ದು, ಫೋನಿನ ಆಚೆ ಕೂತವರು 10 ಹೇಳಿದರೆ ಯಾರ ಲೆಕ್ಕವೂ ತಪ್ಪಲ್ಲ. ಎರಡು ವಾಕ್ಯ ದಾರಿಯಲ್ಲಿ ಬಿದ್ದುಹೋಗಿವೆ, ಅಷ್ಟೆ. "A, C ಎರಡೂ ಒಂದೇ ಬದಿಗೆ ಇವೆ" ಎನ್ನುವುದು ಒಂದು, "E ಎರಡು ಗೆರೆಗಳ ನಡುವೆ ಇದೆ" ಎನ್ನುವುದು ಇನ್ನೊಂದು. ಕಣ್ಣಿಗೆ ಇವೆರಡೂ ತಟ್ಟನೆ ಕಾಣುವುದರಿಂದಲೇ ಬಾಯಿಗೆ ಬರುವುದಿಲ್ಲ. ಅಳತೆಗಳನ್ನು ನೀವು ಮರೆಯುವುದಿಲ್ಲ, ಅವು ಅಂಕಿಗಳಾಗಿ ಅಚ್ಚಾಗಿರುತ್ತವೆ. ನಡುವೆ, ಹೊರಗೆ, ಒಂದೇ ಬದಿ, ಎದುರು ಬದಿ ಎನ್ನುವುದನ್ನು ಮಾತ್ರ ಚಿತ್ರ ಸುಮ್ಮನೆ ತೋರಿಸಿಬಿಡುತ್ತದೆ. ಆದ್ದರಿಂದ ಪ್ರತಿ ಬಿಂದುವಿಗೂ ಬಾಯಿ ಬಿಟ್ಟು ಹೇಳಿ: ಇದು ಗೆರೆಯ ಯಾವ ಬದಿಗೆ, ಆಕೃತಿಯ ಒಳಗೋ ಹೊರಗೋ.

ಪಠ್ಯಪುಸ್ತಕ ಬರೆದವರಿಗೆ ಇದು ಚೆನ್ನಾಗಿ ಗೊತ್ತು. ಹತ್ತನೇ ತರಗತಿಯ ತ್ರಿಕೋನಮಿತಿಯ ಅನ್ವಯಗಳಲ್ಲಿ 75 ಮೀಟರ್ ಎತ್ತರದ ದೀಪಸ್ತಂಭದ ಲೆಕ್ಕ ನೆನಪು ಮಾಡಿಕೊಳ್ಳಿ. ತುದಿಯಿಂದ ನೋಡಿದಾಗ ಎರಡು ಹಡಗುಗಳ ಅವನತ ಕೋನ 30 ಮತ್ತು 45 ಡಿಗ್ರಿ, ಹಡಗುಗಳ ನಡುವಿನ ದೂರ ಎಷ್ಟು ಎಂಬ ಪ್ರಶ್ನೆ. ಅಲ್ಲಿ ಹಡಗುಗಳು ಸ್ತಂಭದ ಒಂದೇ ಬದಿಯಲ್ಲಿ, ಒಂದರ ಹಿಂದೆ ಒಂದು ನೇರವಾಗಿ ಇವೆ ಎಂದು ಬಿಡಿಸಿ ಹೇಳಿದ್ದಾರೆ. ಆ ಮಾತಿದ್ದರೆ ದೂರ ಸುಮಾರು 55 ಮೀಟರ್. ಒಂದು ಈ ಕಡೆ, ಇನ್ನೊಂದು ಆ ಕಡೆ ಇದ್ದರೆ ಸುಮಾರು 205 ಮೀಟರ್. ಗಂಗೊಳ್ಳಿಯ ಅಳಿವೆಯಿಂದ ಹೊರಟ ಎರಡು ಬೋಟುಗಳಂತೆ ಒಂದು ತೆಂಕಕ್ಕೆ, ಇನ್ನೊಂದು ಪಡುವಕ್ಕೆ ಹೋದರೆ ಇನ್ನೊಂದೇ ಉತ್ತರ. ಒಂದು ವಾಕ್ಯದ ಮೇಲೆ ಇಡೀ ಲೆಕ್ಕ ನಿಂತಿದೆ. ಓದುವ ಅವಸರದಲ್ಲಿ ನೀವು ಬಿಟ್ಟುಬಿಡುವುದೂ ಅದೇ ವಾಕ್ಯವನ್ನು.

ನಮ್ಮ ನಾಡಿನ ಹಿಂದಿನ ಗಣಿತ ಗ್ರಂಥಗಳಲ್ಲಿ ಲೆಕ್ಕಗಳನ್ನು ಪದ್ಯದಲ್ಲೇ ಕೊಡುತ್ತಿದ್ದರು. ಒಂಬತ್ತನೇ ಶತಮಾನದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ, ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಕ್ಷೇತ್ರಗಣಿತ ಬರೆದರು. ಭಾಸ್ಕರಾಚಾರ್ಯರ ಲೀಲಾವತಿ 1150ರದು. ಅದರಲ್ಲಿ ಮುರಿದ ಬಿದಿರಿನ ಲೆಕ್ಕವಿದೆ: 32 ಮೊಳದ ಬಿದಿರು ಗಾಳಿಗೆ ಒಂದು ಕಡೆ ಮುರಿದು, ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿತು, ಮುರಿದದ್ದು ಎಷ್ಟು ಎತ್ತರದಲ್ಲಿ? ಇಲ್ಲಿ ಲಂಬಕೋನ ಎಂಬ ಪದವೇ ಇಲ್ಲ. ಅದರ ಬದಲು ಬಿದಿರು ಸಮನೆಲದ ಮೇಲಿದೆ ಎಂದು ಹೇಳಿದ್ದಾರೆ. ನೆಟ್ಟಗೆ ನಿಂತ ಬಿದಿರು, ಸಮನೆಲ: ಲಂಬಕೋನ ತಾನಾಗಿ ಬಂತು. ಮುರಿದ ತುಂಡು ವಿಕರ್ಣವಾಯಿತು. ಮುರಿದ ಎತ್ತರ x ಆದರೆ ತುಂಡು 32 − x, ಪೈಥಾಗೊರಸನ ಪ್ರಮೇಯ ಹಾಕಿದರೆ x = 12. ನಮ್ಮ ಗುಡ್ಡದ ಇಳಿಜಾರಿನ ಬಿದಿರಾಗಿದ್ದರೆ ಈ ಉತ್ತರ ಬರುತ್ತಿರಲಿಲ್ಲ. ಸಮನೆಲ ಎಂದದ್ದು ಪದ್ಯದ ಅಲಂಕಾರಕ್ಕಲ್ಲ, ಚಿತ್ರದಲ್ಲಿ ನಾವಿಂದು ಹಾಕುವ ಸಣ್ಣ ಚೌಕದ ಗುರುತಿಗೆ ಬದಲಾಗಿ.

ಇನ್ನು ಹೇಳುವ ಕ್ರಮ. ನೀವು ಚಿತ್ರವನ್ನು ನೋಡಿದಂತೆ ಹೇಳಲು ಹೊರಡುತ್ತೀರಿ: "ಒಂದು ತ್ರಿಭುಜ ಇತ್ತ್, ಅದರ ಒಳಗೆ ಒಂದು ವೃತ್ತ ಇತ್ತ್, ಮಧ್ಯದಲ್ಲಿ O ಇತ್ತ್, ಕೆಳಗೆ D ಇತ್ತ್." ಕೇಳುವವರ ಕೈಯಲ್ಲಿ ಪೆನ್ಸಿಲ್ ಇದೆ. ಅವರಿಗೆ ಬೇಕಾದದ್ದು ಚಿತ್ರ ಹೇಗೆ ಹುಟ್ಟಿತು ಎನ್ನುವುದು. ಯಾವುದನ್ನು ಮೊದಲು ಎಳೆದರು, ಅದರ ಮೇಲೆ ಯಾವುದು ಬಂತು, ಪ್ರತಿ ಹೊಸ ಬಿಂದು ಯಾವ ಎರಡರ ಭೇಟಿಯಿಂದ ಹುಟ್ಟಿತು ಎಂಬ ಕ್ರಮದಲ್ಲಿ ಹೇಳಿ. ಹೇಗೂ ನಿಲ್ಲಬಲ್ಲ ಬಿಂದುಗಳು ಮೊದಲು, ಅವುಗಳನ್ನು ನಂಬಿಕೊಂಡ ಬಿಂದುಗಳು ಆಮೇಲೆ.

ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂದು ವೃತ್ತಗಳ ಅಧ್ಯಾಯದ ಒಂದು ಹೆಸರಾಂತ ಲೆಕ್ಕದಲ್ಲಿ ಕಾಣಬಹುದು. ಮಕ್ಕಳು ಅದನ್ನು ಹೀಗೆ ಓದುತ್ತಾರೆ: "ABC ತ್ರಿಭುಜ. ಒಳಗೆ 4 ಸೆಂಟಿಮೀಟರ್ ತ್ರಿಜ್ಯದ ವೃತ್ತ. BC ಮೇಲೆ D. BD 8, DC 6. AB, AC ಎಷ್ಟು?" ಇದನ್ನು ಹೀಗೇ ತೆಗೆದುಕೊಂಡರೆ ಲೆಕ್ಕ ಬಿಡಿಸಲಾಗದು. ವೃತ್ತ ತ್ರಿಭುಜದ ಒಳಗೆ ಎಲ್ಲೋ ತೇಲಾಡುತ್ತಿರಬಹುದು, D ಗೂ ಅದಕ್ಕೂ ಸಂಬಂಧವೇ ಇಲ್ಲದಿರಬಹುದು. ಎಷ್ಟು ಬೇಕಾದರೂ ತ್ರಿಭುಜಗಳು ಬರುತ್ತವೆ. ಬಿಟ್ಟುಹೋದ ಸಂಗತಿ ಎರಡು: ವೃತ್ತವು ಮೂರು ಬಾಹುಗಳನ್ನೂ ಮುಟ್ಟುತ್ತದೆ, BC ಯನ್ನು ಮುಟ್ಟುವ ಜಾಗವೇ D. ಹುಟ್ಟಿದ ಕ್ರಮದಲ್ಲಿ ಹೇಳಿದರೆ ಇದು ಬಿಟ್ಟುಹೋಗುವ ಹಾಗೇ ಇಲ್ಲ: "ಮೊದಲು ABC ತ್ರಿಭುಜ, BC ಕೆಳಗೆ. ಅದರೊಳಗೆ ಮೂರೂ ಬಾಹು ಮುಟ್ಟುವ ವೃತ್ತ, ತ್ರಿಜ್ಯ 4. ಅದು BC ಯನ್ನು ಮುಟ್ಟುವ ಬಿಂದು D. AC ಯನ್ನು ಮುಟ್ಟುವುದು E, AB ಯನ್ನು ಮುಟ್ಟುವುದು F. BD 8, DC 6." D ಹೇಗೆ ಹುಟ್ಟಿತು ಎಂದು ಹೇಳಲೇಬೇಕಾಗಿ ಬಂದಾಗ 'ಮುಟ್ಟುವ' ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ.

ಅಷ್ಟು ಸಿಕ್ಕರೆ ಉಳಿದದ್ದು ಸಲೀಸು. ಬಾಹ್ಯಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ, ಆದ್ದರಿಂದ BF 8, CE 6. AF, AE ಸಮ, ಅವನ್ನು x ಎನ್ನಿ. ಬಾಹುಗಳು 14, x + 8, x + 6. ಅರ್ಧ ಸುತ್ತಳತೆ x + 14. ಹೆರಾನನ ಸೂತ್ರದಿಂದ ವಿಸ್ತೀರ್ಣದ ವರ್ಗ (x + 14) × x × 6 × 8. ಇನ್ನೊಂದು ಕಡೆಯಿಂದ ವಿಸ್ತೀರ್ಣ ಎಂದರೆ ತ್ರಿಜ್ಯ ಗುಣಿಸು ಅರ್ಧ ಸುತ್ತಳತೆ, ಅಂದರೆ 4(x + 14). ವರ್ಗ ಮಾಡಿ ಸಮ ಮಾಡಿದರೆ 48x = 16(x + 14), x = 7. AB 15, AC 13. ಈ ಬಿಡಿಸುವಿಕೆಯಲ್ಲಿ ಚಿತ್ರ ನೋಡಬೇಕಾದ ಜಾಗ ಒಂದೂ ಇಲ್ಲ. ಮುಟ್ಟುತ್ತದೆ ಎನ್ನುವ ಸಂಗತಿ ಮಾತ್ರ ಬೇಕಿತ್ತು.

ಕೊಟ್ಟದ್ದನ್ನೂ ಕಂಡದ್ದನ್ನೂ ಬೆರೆಸಬೇಡಿ, ಇದನ್ನು ತುಸು ಗಟ್ಟಿಯಾಗಿಯೇ ಹೇಳುತ್ತೇನೆ. ಚಿತ್ರದಲ್ಲಿ AB, AC ಒಂದೇ ಉದ್ದ ಕಂಡಿತೆಂದು "ಸಮದ್ವಿಬಾಹು ತ್ರಿಭುಜ" ಎಂದುಬಿಡುತ್ತೀರಿ. ಮೇಲಿನ ಲೆಕ್ಕದಲ್ಲಿ 15 ಮತ್ತು 13, ಅಚ್ಚಿನಲ್ಲಿ ಹೆಚ್ಚುಕಡಿಮೆ ಒಂದೇ ಕಾಣುತ್ತವೆ. ಸಮ ಎಂದು ನಂಬಿ ಬಿಡಿಸಲು ಹೊರಟರೆ x + 8 ಮತ್ತು x + 6 ಸಮವಾಗಬೇಕು, ಅದು ಆಗದ ಮಾತು. ಹೀಗೆ ಲೆಕ್ಕ ತನ್ನೊಳಗೇ ಜಗಳ ಶುರುಮಾಡಿದರೆ, ಹೇಳುವವರು ಕಣ್ಣಿಗೆ ಕಂಡದ್ದನ್ನು ಕೊಟ್ಟದ್ದರ ಜೊತೆ ಸೇರಿಸಿದ್ದಾರೆ ಎಂದು ತಿಳಿಯಿರಿ. ಕೊಟ್ಟದ್ದು ಎಂದರೆ ಪ್ರಶ್ನೆಯ ವಾಕ್ಯದಲ್ಲಿ ಇರುವುದು, ಮತ್ತೆ ಚಿತ್ರದ ಮೇಲೆ ಗುರುತಾಗಿ ಇರುವುದು: ಮೂಲೆಯಲ್ಲಿ ಸಣ್ಣ ಚೌಕವಿದ್ದರೆ ಲಂಬಕೋನ, ಗೆರೆಗಳ ಮೇಲೆ ಬಾಣದ ಗುರುತಿದ್ದರೆ ಸಮಾಂತರ, ಅಡ್ಡಗೀಟು ಒಂದೇ ಲೆಕ್ಕದಲ್ಲಿದ್ದರೆ ಸಮ ಉದ್ದ. ಅವನ್ನು ಖಂಡಿತವಾಗಿ ಹೇಳಿ. ಗುರುತಿಲ್ಲದೆ ಹಾಗೆ ಕಾಣುವುದನ್ನು ಹೇಳಲೇಬೇಕಿದ್ದರೆ "ಕಾಂಬುಕೆ ಹಾಂಗಿತ್ತ್, ಬರೆದಿಲ್ಲ" ಎಂದು ಬೇರೆ ಮಾಡಿ ಹೇಳಿ. ವೃತ್ತದ ಲೆಕ್ಕದಲ್ಲಿ ಇದು ಹೆಚ್ಚು ಮುಖ್ಯ. ಒಂದು ಜ್ಯಾ ಕೇಂದ್ರ O ನ ಮೂಲಕ ಹೋದರೆ ಅದು ವ್ಯಾಸ, ಅರ್ಧವೃತ್ತದ ಕೋನ 90 ಡಿಗ್ರಿ. ಕೂದಲೆಳೆಯಷ್ಟು ಪಕ್ಕದಲ್ಲಿ ಹೋದರೆ ಆ 90 ಇಲ್ಲ.

ಛಾಯೆ ಹಾಕಿದ ಭಾಗದ ವಿಸ್ತೀರ್ಣ ಕೇಳಿದರೆ, ಯಾವುದರ ಒಳಗೆ, ಯಾವುದರ ಹೊರಗೆ ಎಂದು ಎರಡೂ ಹೇಳಿ. 14 ಸೆಂಟಿಮೀಟರ್ ಬಾಹುವಿನ ABCD ಚೌಕ, AD ಮತ್ತು BC ವ್ಯಾಸವಾಗಿ ಎರಡು ಅರ್ಧವೃತ್ತ. ಅವು ಚೌಕದ ಒಳಕ್ಕೆ ಬಾಗಿವೆ, ಚೌಕದೊಳಗೆ ಅರ್ಧವೃತ್ತಗಳ ಹೊರಗಿನ ಭಾಗಕ್ಕೆ ಛಾಯೆ ಎಂದರೆ 196ರಲ್ಲಿ 154 ಕಳೆದು 42 ಚದರ ಸೆಂಟಿಮೀಟರ್. ಒಳಕ್ಕೆ ಎನ್ನುವುದು ಬಿಟ್ಟುಹೋದರೆ ಕೇಳುವವರು ಹೊರಕ್ಕೆ ಬಾಗಿಸಿ 350 ಎಂದು ಹೇಳಿಬಿಟ್ಟಾರು.

ಅಕ್ಷರಗಳ ವಿಚಾರ. ಮಳೆಯ ಸದ್ದಿನಲ್ಲಿ B, C, D, E, P, T ಎಲ್ಲವೂ ಫೋನಿನಲ್ಲಿ ಒಂದೇ ಕೇಳಿಸುತ್ತವೆ. BED ಹೇಳಿದ್ದು DEB ಆದರೆ ಪರವಾಗಿಲ್ಲ, ಕೋನ ಅದೇ. BDE ಆದರೆ ಬೇರೆ ಕೋನವೇ ಆಗಿಹೋಗುತ್ತದೆ. ನಮ್ಮ ಊರುಗಳೇ ಇರುವಾಗ ಕಷ್ಟವೇಕೆ: ಬೈಂದೂರಿನ B, ಚಾಂತಾರಿನ C, ಪಡುಬಿದ್ರಿಯ P, ತಲ್ಲೂರಿನ T. ಊರಿನ ಹೆಸರು ಸೇರಿಸಿದ ಕೂಡಲೇ ಗೊಂದಲ ನಿಲ್ಲುತ್ತದೆ. ಚತುರ್ಭುಜವನ್ನು ಸುತ್ತು ಹಾಕುವ ಕ್ರಮದಲ್ಲೇ ಹೆಸರಿಸಿ. ABCD ಎಂದರೆ AC, BD ಕರ್ಣಗಳು. ನೀವು ABDC ಎಂದಿರೋ, ಆಚೆಯವರು AD ಯನ್ನು ಕರ್ಣ ಮಾಡಿಬಿಡುತ್ತಾರೆ.

ಅಮ್ಮಂದಿರಿಗೆ ಒಂದು ಮಾತು. "ನಂಗೆ ಲೆಕ್ಕ ಗೊತ್ತಿಲ್ಲ, ನಾನೆಂತ ಹೇಳುದ್" ಎಂದು ಫೋನನ್ನು ಮಗುವಿನ ಕೈಗೆ ಕೊಟ್ಟುಬಿಡುತ್ತೀರಿ. ರಷ್ಯಾದ ಲೆವ್ ಪೊಂಟ್ರಿಯಾಗಿನ್ ಎಂಬ ಗಣಿತಜ್ಞ 1908ರಲ್ಲಿ ಹುಟ್ಟಿದವರು, ಹದಿನಾಲ್ಕನೇ ವಯಸ್ಸಿನಲ್ಲಿ ಸ್ಟೌ ಸಿಡಿದು ಎರಡೂ ಕಣ್ಣು ಕಳೆದುಕೊಂಡರು. ಆಮೇಲೆ ಅವರಿಗೆ ಗಣಿತದ ಪುಸ್ತಕ ಓದಿ ಹೇಳಿದವರು ತಾಯಿ ತತ್ಯಾನಾ ಆಂಡ್ರೆಯೆವ್ನಾ. ಆಕೆ ಗಣಿತ ಕಲಿತವರಲ್ಲ. ಗುರುತುಗಳ ಹೆಸರು ಗೊತ್ತಿಲ್ಲದಾಗ ಅವು ಕಂಡ ಹಾಗೆ ಹೇಳುತ್ತಿದ್ದರಂತೆ: ಗಣಗಳ ಸಂಯೋಗದ ∪ ಗುರುತಿಗೆ ಬಾಲ ಮೇಲೆ, ಛೇದನದ ∩ ಗುರುತಿಗೆ ಬಾಲ ಕೆಳಗೆ. ಮಗ ಮುಂದೆ ದೊಡ್ಡ ಗಣಿತಜ್ಞರಾದರು. ಹೆಸರು ಗೊತ್ತಿರಬೇಕಾಗಿಲ್ಲ. ಸ್ಪರ್ಶಕ ಎನ್ನಲು ಬಾರದಿದ್ದರೆ "ಈ ಗೆರೆ ವೃತ್ತವನ್ನು ಒಂದೇ ಕಡೆ ಮುಟ್ಟಿ ಹೋಗಿದೆ, ಒಳಗೆ ಹೋಗಿಲ್ಲ" ಎನ್ನಿ. ನನಗೆ ಅಷ್ಟು ಸಾಕು. ಕೆಲವೊಮ್ಮೆ ಅದೇ ಹೆಚ್ಚು ಸ್ಪಷ್ಟ. ಏಕೆಂದರೆ ಮಗು ಹೆಸರನ್ನು ತಪ್ಪಾಗಿ ಬಳಸಬಹುದು, ಕಂಡದ್ದನ್ನು ಹಾಗೆಯೇ ಹೇಳುವವರು ತಪ್ಪುವುದು ಕಡಿಮೆ. ತರಗತಿಯಲ್ಲಿ ಕಣ್ಣು ಕಾಣದ ಗೆಳೆಯನಿಗೋ ಗೆಳತಿಗೋ ಪಾಠ ಓದಿ ಹೇಳುವವರಿಗೂ ಇದೇ ದಾರಿ.

ಕೊನೆಗೆ, ಕೇಳಿಸಿಕೊಳ್ಳುವ ಅಕ್ಕ, ಅಣ್ಣಂದಿರಿಗೆ. ಹೇಳಿ ಮುಗಿದ ಮೇಲೆ "ಅರ್ಥ ಆಯ್ತು" ಎಂದು ಲೆಕ್ಕಕ್ಕೆ ಇಳಿಯಬೇಡಿ. ನೀವು ಬರೆದ ಚಿತ್ರವನ್ನು ನೀವೇ ಮಾತಿನಲ್ಲಿ ತಿರುಗಿಸಿ ಹೇಳಿ, ಮಗು ಪುಸ್ತಕ ನೋಡುತ್ತಾ ಹೌದು, ಅಲ್ಲ ಎನ್ನಲಿ. ಸಂಶಯ ಬಂದ ಕಡೆ ಬಿಂದುವನ್ನು ಬೇಕೆಂದೇ ಇನ್ನೊಂದು ಜಾಗದಲ್ಲಿಟ್ಟು ಎರಡನೇ ಚಿತ್ರ ಬರೆಯಿರಿ. ಕೊಟ್ಟ ಮಾತುಗಳೆಲ್ಲ ಎರಡಕ್ಕೂ ಹೊಂದಿ, ಉತ್ತರ ಮಾತ್ರ ಬೇರೆಯಾದರೆ, ಕೇಳಬೇಕಾದ ಪ್ರಶ್ನೆ ಯಾವುದೆಂದು ಆ ಎರಡು ಚಿತ್ರಗಳ ನಡುವಿನ ವ್ಯತ್ಯಾಸವೇ ಹೇಳುತ್ತದೆ. ಉತ್ತರ ಎರಡರಲ್ಲೂ ಒಂದೇ ಬಂದರೆ ಮಗುವನ್ನು ಮತ್ತೆ ಕೆದಕಬೇಡಿ. ಮೊದಲ ಲೆಕ್ಕದಲ್ಲಿ E ಹೊರಗಿದೆ ಎಂದು ಗೊತ್ತಾದ ಮೇಲೆ ಮೇಲಿದೆಯೋ ಕೆಳಗಿದೆಯೋ ಎಂದು ಕೇಳುವುದು ಬೇಡ. ಎರಡು ಕಡೆಯೂ A, C ಒಂದೇ ಬದಿಗಿದ್ದರೆ 10, ಎದುರು ಬದಿಗಿದ್ದರೆ 110.

ನಿಮ್ಮವನೇ,
ಒಬ್ಬ ನಿವೃತ್ತ ಗಣಿತ ಮಾಸ್ತರ
ಕೋಟೇಶ್ವರ